ನಿವೃತ್ತ ನೆರೆಯವರಿಗೆ ಆರೋಗ್ಯ ವಿಮೆ ತಿಳಿಸಿಕೊಡುವುದು ಹೇಗೆ: ಸಂಘದ ಸಭೆಯ ಮೂವತ್ತೈದು ನಿಮಿಷಕ್ಕೆ ಸಮಗ್ರ ಮಾರ್ಗದರ್ಶಿ

"ನಮ್ಮ ಹಿರಿಯರಿಗೆ ಒಂದರ್ಧ ಗಂಟೆ ಆರೋಗ್ಯ ವಿಮೆ ಬಗ್ಗೆ ಹೇಳಿಬಿಡಿ ಸಾರ್" ಎಂದು ಬಡಾವಣೆ ಸಂಘದ ಕಾರ್ಯದರ್ಶಿ ಕೇಳುತ್ತಾರೆ. ಒಪ್ಪಿಕೊಂಡವರು ಪ್ರೀಮಿಯಂ ಎಂದರೇನು, ವಿಮಾ ಮೊತ್ತ ಎಂದರೇನು, ಫ್ಲೋಟರ್ ಎಂದರೇನು ಎಂದು ಒಂದೊಂದಾಗಿ ಹೇಳುತ್ತಾ ಹೋಗುತ್ತಾರೆ. ಹತ್ತನೇ ನಿಮಿಷಕ್ಕೆ ಹಿಂದಿನ ಸಾಲಿನಲ್ಲಿ ನೀರಿನ ಟ್ಯಾಂಕರ್ ವಿಷಯ ಶುರುವಾಗಿರುತ್ತದೆ. ಕೊನೆಗೆ ಬರುವ ಪ್ರಶ್ನೆ ಒಂದೇ: "ಅದೆಲ್ಲ ಸರಿ ಸ್ವಾಮಿ, ಯಾವ ಕಂಪನಿ ಒಳ್ಳೇದು?"

ಈ ಪ್ರಶ್ನೆ ಬಂತೆಂದರೆ ಮಾತು ಸೋತಿದೆ ಎಂದೇ ಲೆಕ್ಕ. ಎದುರಿಗಿರುವವರಲ್ಲಿ ಅನೇಕರ ಬಳಿ ಪಾಲಿಸಿ ಆಗಲೇ ಇದೆ. ಅವರಿಗೆ ಬೇಕಾದದ್ದು ಆಸ್ಪತ್ರೆಯ ಬಿಲ್ಲಿನಲ್ಲಿ ಕಂಪನಿ ಎಷ್ಟು ಕೊಡುತ್ತದೆ, ತಮ್ಮ ಕೈಯಿಂದ ಎಷ್ಟು ಹೋಗುತ್ತದೆ ಎಂಬ ಲೆಕ್ಕ. ಹಾಗಾಗಿ ಇಡೀ ಮಾತನ್ನು ಒಂದು ಬಿಲ್ಲಿನ ಸುತ್ತ ಕಟ್ಟಿ.

## ಹಂತ 1: ಹದಿನೈದು ದಿನ ಮುಂಚೆ ಮಾಡಬೇಕಾದ ಕೆಲಸ

ಸಂಘದ ಫಲಕದಲ್ಲಿ ಹಾಕುವ ಚೀಟಿಯಲ್ಲಿ ಎರಡೇ ಸಾಲು ಸಾಕು: "ನಿಮ್ಮ ಪಾಲಿಸಿಯ ಷೆಡ್ಯೂಲ್ ಮತ್ತು ಕಸ್ಟಮರ್ ಇನ್ಫರ್ಮೇಷನ್ ಶೀಟ್ ತನ್ನಿ. ಓದುವ ಕನ್ನಡಕ ಮರೆಯಬೇಡಿ." ಷೆಡ್ಯೂಲ್ ಎಂದರೆ ಹೆಸರು, ವಯಸ್ಸು, ವಿಮಾ ಮೊತ್ತ, ದಿನಾಂಕ ಇರುವ ಮೊದಲ ಹಾಳೆ. ಇನ್ಫರ್ಮೇಷನ್ ಶೀಟ್ ಎಂದರೆ ಪಾಲಿಸಿಯ ಮುಖ್ಯ ಷರತ್ತುಗಳನ್ನು ಸರಳವಾಗಿ ಬರೆದ ಕೆಲವು ಪುಟ. ಇದನ್ನು ಕಂಪನಿ ಕೊಡಲೇಬೇಕು, ಕೇಳಿದರೆ ಸ್ಥಳೀಯ ಭಾಷೆಯಲ್ಲೂ ಕೊಡಬೇಕು. ಬಹಳ ಜನಕ್ಕೆ ಇದು ಇಮೇಲಿನಲ್ಲಿ ಬಂದು ಹಾಗೇ ಬಿದ್ದಿರುತ್ತದೆ. ಹುಡುಕಿ ಮುದ್ರಿಸಿಕೊಳ್ಳಲು ಮಗನೋ ಮೊಮ್ಮಗಳೋ ಬೇಕು, ಅದಕ್ಕೇ ಹದಿನೈದು ದಿನ.

ಕಾಗದಗಳನ್ನು ವಾಟ್ಸಾಪ್ ಗುಂಪಿಗೆ ಕಳಿಸಿ ಎಂದು ಮಾತ್ರ ಹೇಳಬೇಡಿ. ಷೆಡ್ಯೂಲಿನಲ್ಲಿ ಜನ್ಮದಿನಾಂಕ, ಫೋನ್ ನಂಬರು, ಕೆಲವೊಮ್ಮೆ ಕಾಯಿಲೆಯ ಹೆಸರೂ ಇರುತ್ತದೆ. ಪಕ್ಕದ ಮನೆಯವರಿಗೆ ನಿಮ್ಮ ಸಕ್ಕರೆ ಕಾಯಿಲೆಯ ಇತಿಹಾಸ ಬೇಕಾಗಿಲ್ಲ.

ಕಾಫಿ-ತಿಂಡಿಯ ಖರ್ಚು ಕೊಡುತ್ತೇನೆ ಎಂದು ಯಾರಾದರೂ ಏಜೆಂಟರು ಬಂದರೆ ನಯವಾಗಿ ಬೇಡವೆನ್ನಿ. ಅವರು ಬಾಗಿಲಲ್ಲಿ ಹೆಸರು, ನಂಬರು ಬರೆಸಿಕೊಂಡು ಹೋದರೆ ಮರುದಿನದಿಂದ ಎಲ್ಲರಿಗೂ ಕರೆ ಬರುತ್ತದೆ, ಬೈಗುಳ ನಿಮಗೆ ಬರುತ್ತದೆ.

ಸಾಮಾನು ಹೆಚ್ಚೇನೂ ಬೇಡ. ದೊಡ್ಡ ಬಿಳಿ ಫಲಕ, ಕಪ್ಪು ಮತ್ತು ಕೆಂಪು ಮಾರ್ಕರ್, ಒಂದು ಮೈಕು, ಎಲ್ಲರಿಗೂ ಒಂದೊಂದು ಪೆನ್ಸಿಲ್, ದಪ್ಪಕ್ಷರದಲ್ಲಿ ಮುದ್ರಿಸಿದ ಒಂದು ಹಾಳೆ. ಪ್ರೊಜೆಕ್ಟರ್ ಬೇಡ ಎನ್ನುವುದು ನನ್ನ ಅಭಿಪ್ರಾಯ. ಪರದೆಯ ಮೇಲೆ ಲೆಕ್ಕ ಸಿದ್ಧವಾಗಿ ಬಂದು ನಿಂತರೆ ಜನ ನೋಡುತ್ತಾರೆ. ನೀವು ಬರೆಯುತ್ತಾ ಹೋದರೆ ಅವರೂ ಕೂಡಿಸುತ್ತಾರೆ, ನೀವು ತಪ್ಪಿದರೆ ನಿವೃತ್ತ ಮೇಷ್ಟ್ರೊಬ್ಬರು ತಿದ್ದುತ್ತಾರೆ. ಆ ತಿದ್ದುವಿಕೆಯೇ ಸಭೆಗೆ ಜೀವ.

ಸಮಯ ಬೆಳಿಗ್ಗೆ ಹತ್ತೂವರೆಗೆ ಇರಲಿ, ತಿಂಡಿ ಮತ್ತು ಮಾತ್ರೆ ಎರಡೂ ಮುಗಿದಿರುತ್ತವೆ. ಬಿಲ್ಲಿಗೆ ಹನ್ನೆರಡು ನಿಮಿಷ, ತಮ್ಮ ಪಾಲಿಸಿ ನೋಡಿಕೊಳ್ಳಲು ಎಂಟು, ಕಾಯುವ ಅವಧಿಗೆ ಎಂಟು, ಆಸ್ಪತ್ರೆಯ ದಿನಕ್ಕೆ ಏಳು. ಪ್ರಶ್ನೆಗಳಿಗೆ ಬೇರೆ ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ.

## ಹಂತ 2: ಬಿಲ್ಲನ್ನು ಫಲಕದ ಮೇಲೆ ಬರೆಯಿರಿ

ನಮಸ್ಕಾರ ಹೇಳಿದ ಮೇಲೆ ಪೀಠಿಕೆ ಹಾಕದೆ ಬಿಲ್ಲು ಬರೆಯಲು ಶುರುಮಾಡಿ. ನಾನು ಬಳಸುವುದು ಕಲ್ಪಿಸಿಕೊಂಡ ಒಂದು ಬಿಲ್ಲು. ಅರವತ್ತೆಂಟು ವರ್ಷದ ಒಬ್ಬ ರಾಯರಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್, ನಾಲ್ಕು ದಿನ ಆಸ್ಪತ್ರೆ. ವಿಮಾ ಮೊತ್ತ 3 ಲಕ್ಷ. ಪಾಲಿಸಿಯಲ್ಲಿ ಎರಡು ಷರತ್ತು: ರೂಮಿನ ಬಾಡಿಗೆ ದಿನಕ್ಕೆ ವಿಮಾ ಮೊತ್ತದ ಶೇಕಡಾ 1, ಅಂದರೆ 3,000 ರೂಪಾಯಿ. ಜೊತೆಗೆ ಶೇಕಡಾ 20 ಕೋ-ಪೇ, ಅಂದರೆ ಕಂಪನಿ ಲೆಕ್ಕಕ್ಕೆ ಒಪ್ಪಿದ ಮೊತ್ತದಲ್ಲಿ ಪಾಲಿಸಿದಾರರೇ ಕೈಯಿಂದ ಕೊಡಬೇಕಾದ ಪಾಲು. ಆದರೆ ರಾಯರು "ಮಕ್ಕಳು ಬಂದು ಹೋಗುತ್ತಾರೆ" ಎಂದು 6,000ದ ರೂಮು ತೆಗೆದುಕೊಂಡರು.

ಬಿಲ್ಲು ಹೀಗೆ:

- ರೂಮು, ನಾಲ್ಕು ದಿನ: 24,000
- ಸರ್ಜನ್, ಅರಿವಳಿಕೆ ವೈದ್ಯರು, ಆಪರೇಷನ್ ಥಿಯೇಟರ್, ನರ್ಸಿಂಗ್: 80,000
- ಔಷಧಿ ಮತ್ತು ಪರೀಕ್ಷೆಗಳು: 40,000
- ಕೈಗವಸು, ನೋಂದಣಿ ಶುಲ್ಕದಂಥ, ಪಾಲಿಸಿ ಕೊಡದ ಸಾಮಾನು: 6,000
- ಒಟ್ಟು: 1,50,000

ಇಲ್ಲಿ ನಿಲ್ಲಿಸಿ ಸಭೆಯನ್ನು ಕೇಳಿ: "ರಾಯರ ಕೈಯಿಂದ ಎಷ್ಟು ಹೋಗಬಹುದು?" ಸಾಮಾನ್ಯವಾಗಿ ಬರುವ ಉತ್ತರ, ರೂಮಿನ ಹೆಚ್ಚುವರಿ 12,000 ಮತ್ತು ಉಳಿದದ್ದರ ಮೇಲೆ ಕೋ-ಪೇ. ಆ ಉತ್ತರವನ್ನು ಫಲಕದ ಮೂಲೆಯಲ್ಲಿ ಬರೆದಿಡಿ. ಇನ್ನು ಕೆಂಪು ಮಾರ್ಕರ್ ಹಿಡಿಯಿರಿ.

ಮಿತಿ 3,000, ತೆಗೆದುಕೊಂಡ ರೂಮು 6,000. ಅರ್ಧಕ್ಕೆ ಮಾತ್ರ ಅರ್ಹತೆ. ಹಾಗಾಗಿ ರೂಮಿಗೆ ಕಂಪನಿ ಲೆಕ್ಕಕ್ಕೆ ತೆಗೆದುಕೊಳ್ಳುವುದು 12,000. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಎರಡನೇ ಸಾಲಿನಲ್ಲಿದೆ: ಸರ್ಜನ್, ಥಿಯೇಟರ್, ನರ್ಸಿಂಗ್ ಖರ್ಚನ್ನೂ ಅದೇ ಅನುಪಾತದಲ್ಲಿ ಕತ್ತರಿಸುತ್ತಾರೆ. 80,000 ಇದ್ದದ್ದು 40,000 ಆಗುತ್ತದೆ. ಅನುಪಾತದ ಕಡಿತ ಎನ್ನುವುದು ಇದೇ. ಎಷ್ಟೋ ಆಸ್ಪತ್ರೆಗಳಲ್ಲಿ ದುಬಾರಿ ರೂಮು ತೆಗೆದುಕೊಂಡವರಿಗೆ ಅದೇ ಆಪರೇಷನ್ನಿಗೂ ಹೆಚ್ಚು ದರ ಹಾಕುತ್ತಾರೆ, ಆ ಹೆಚ್ಚಳ ನಮ್ಮದಲ್ಲ ಎನ್ನುವುದು ಕಂಪನಿಯ ವಾದ.

ಔಷಧಿ ಮತ್ತು ಪರೀಕ್ಷೆಗಳ 40,000ಕ್ಕೆ ಕತ್ತರಿ ಬೀಳುವಂತಿಲ್ಲ. ಔಷಧಿ, ಬಳಸಿ ಬಿಸಾಡುವ ಸಾಮಾನು, ದೇಹದೊಳಗೆ ಇಡುವ ಸ್ಟೆಂಟ್‌ನಂಥ ಸಾಧನ, ರೋಗ ಪತ್ತೆಯ ಪರೀಕ್ಷೆ, ಐಸಿಯು, ಇವಕ್ಕೆ ಅನುಪಾತದ ಕಡಿತ ಹಾಕಬಾರದೆಂದು ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2020ರಲ್ಲೇ ಹೇಳಿದೆ. ರೂಮಿನ ದರ್ಜೆಗೆ ತಕ್ಕಂತೆ ದರ ಬದಲಿಸದ ಆಸ್ಪತ್ರೆಗಳಲ್ಲೂ ಈ ಕಡಿತ ಸಲ್ಲದು. ಯಾರಿಗಾದರೂ ಹಿಂದೆ ಔಷಧಿಯ ಬಿಲ್ಲಿನಲ್ಲೂ ಅರ್ಧ ಕತ್ತರಿಸಿದ್ದರೆ ಇಲ್ಲಿ ತಲೆ ಎತ್ತಿ ನೋಡುತ್ತಾರೆ.

ಈಗ ಕೂಡಿಸಿ. 12,000, 40,000, 40,000 ಸೇರಿ 92,000. ಇದರಲ್ಲಿ ಶೇಕಡಾ 20 ಕೋ-ಪೇ, 18,400, ರಾಯರದು. ಕಂಪನಿ ಕೊಡುವುದು 73,600. ರಾಯರ ಕೈಯಿಂದ ಹೋಗುವುದು 76,400. ಅರ್ಧಕ್ಕಿಂತ ಹೆಚ್ಚು.

ಪಕ್ಕದಲ್ಲೇ ಇನ್ನೊಂದು ಲೆಕ್ಕ ಹಾಕಿ. ರಾಯರು 3,000ದ ರೂಮಿನಲ್ಲೇ ಇದ್ದಿದ್ದರೆ? ಆಪರೇಷನ್ ದರ ಒಂದಿಷ್ಟೂ ಇಳಿಯಲಿಲ್ಲ ಎಂದೇ ಇಟ್ಟುಕೊಳ್ಳಿ. ಒಟ್ಟು ಬಿಲ್ಲು 1,38,000. ಕೊಡಲಾಗದ ಸಾಮಾನಿನ 6,000 ಕಳೆದರೆ 1,32,000. ಕೋ-ಪೇ 26,400. ರಾಯರ ಖರ್ಚು ಒಟ್ಟು 32,400. ರೂಮಿನ ಬಾಡಿಗೆಯಲ್ಲಿ ವ್ಯತ್ಯಾಸ 12,000, ಕೈಯಿಂದ ಹೋದದ್ದರಲ್ಲಿ ವ್ಯತ್ಯಾಸ 44,000. ಈ ಎರಡು ಅಂಕಿಗಳಿಗೆ ವೃತ್ತ ಹಾಕಿ ಸುಮ್ಮನೆ ನಿಲ್ಲಿ. ಇಲ್ಲಿ ಮಾತಾಡುವ ಸರದಿ ಅವರದು.

ಆಗುವ ತಪ್ಪು: ಕೋ-ಪೇಯನ್ನು ಇಡೀ ಬಿಲ್ಲಿನ ಮೇಲೆ ಹಾಕಿಬಿಡುವುದು. ಕೋ-ಪೇ ಬರುವುದು ಉಳಿದ ಕಡಿತಗಳೆಲ್ಲ ಆದ ಮೇಲೆ ಉಳಿದ ಮೊತ್ತದ ಮೇಲೆ. ಲೆಕ್ಕವನ್ನು ಮನೆಯಲ್ಲಿ ಎರಡು ಸಲ ಮಾಡಿಕೊಂಡು ಬನ್ನಿ.

## ಹಂತ 3: ಅವರವರ ಪಾಲಿಸಿಯಲ್ಲಿ ಎರಡು ಸಾಲು ಹುಡುಕಿಸಿ

ಈಗ ಕಾಗದ ತೆಗೆಯಲು ಹೇಳಿ. ಹುಡುಕಬೇಕಾದದ್ದು ಎರಡೇ: ರೂಮಿನ ಬಾಡಿಗೆ ಮಿತಿ ಎಷ್ಟು, ಕೋ-ಪೇ ಇದೆಯೇ. ಸಿಕ್ಕಿದ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಲಿ.

ರೂಮಿನ ಮಿತಿ ಮೂರು ವೇಷದಲ್ಲಿ ಬರುತ್ತದೆ. ಒಂದು, ವಿಮಾ ಮೊತ್ತದ ಶೇಕಡಾವಾರು. ಎರಡು, ದಿನಕ್ಕೆ ಇಂತಿಷ್ಟು ರೂಪಾಯಿ. ಮೂರು, ರೂಮಿನ ದರ್ಜೆ, "ಸಿಂಗಲ್ ಪ್ರೈವೇಟ್ ಎ.ಸಿ. ರೂಮು" ಎಂಬ ಹಾಗೆ. ಮೂರನೆಯದು ಇದ್ದವರು ಡೀಲಕ್ಸ್, ಸೂಟ್ ಎಂಬ ಹೆಸರಿನ ರೂಮಿಗೆ ಹೋದರೆ ರಾಯರ ಕಥೆಯೇ. ಮಿತಿಯೇ ಇಲ್ಲದ ಪಾಲಿಸಿಗಳೂ ಇವೆ, ಅಂಥವರು ಈ ಭಾಗದಲ್ಲಿ ನೆಮ್ಮದಿಯಾಗಿ ಕಾಫಿ ಕುಡಿಯಬಹುದು.

ಕೋ-ಪೇ ಕೆಲವು ಪಾಲಿಸಿಗಳಲ್ಲಿ ಇಂತಿಷ್ಟು ವಯಸ್ಸು ದಾಟಿ ಸೇರಿದವರಿಗೆ ಮಾತ್ರ ಇರುತ್ತದೆ. ಗಂಡನಿಗೆ ಇದ್ದು ಹೆಂಡತಿಗೆ ಇಲ್ಲದಿರಬಹುದು. ಹಾಗಾಗಿ ಇಬ್ಬರ ಹೆಸರಿನ ಎದುರೂ ನೋಡಿಸಿ.

ಎಚ್ಚರಿಕೆಯ ಗುರುತು: ಎಂಟು ನಿಮಿಷದಲ್ಲಿ ಒಬ್ಬರೂ "ನನ್ನದರಲ್ಲಿ ಬೇರೆ ಥರ ಬರೆದಿದೆಯಲ್ಲ" ಎನ್ನದಿದ್ದರೆ ಯಾರೂ ಓದುತ್ತಿಲ್ಲ. ಬಹುಶಃ ಎಲ್ಲರೂ ಪ್ರೀಮಿಯಂ ರಸೀದಿ ಮಾತ್ರ ತಂದಿದ್ದಾರೆ. ಆಗ ಮುಂದಕ್ಕೆ ಓಡಬೇಡಿ, ನಡುವೆ ಹೋಗಿ ಒಬ್ಬರ ಒಪ್ಪಿಗೆ ಪಡೆದು ಅವರ ಕಾಗದವನ್ನೇ ತೆರೆದು ತೋರಿಸಿ.

## ಹಂತ 4: ಕಾಯುವ ಅವಧಿಯನ್ನು ಮೂರು ಗಡಿಯಾರವಾಗಿ ಹೇಳಿ

"ದುಡ್ಡು ಕಟ್ಟಿದೆ, ಆದರೂ ಕೊಡಲಿಲ್ಲ" ಎಂಬ ದೂರಿನ ಮೂಲ ಬಹಳ ಸಲ ಇಲ್ಲೇ ಇರುತ್ತದೆ. ಫಲಕದ ಮೇಲೆ ಮೂರು ಗಡಿಯಾರ ಬರೆಯಿರಿ.

ಮೊದಲನೆಯದು ಮೂವತ್ತು ದಿನದ್ದು. ಹೊಸ ಪಾಲಿಸಿಯ ಮೊದಲ ತಿಂಗಳು ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ಕ್ಲೈಮು ಇಲ್ಲ.

ಎರಡನೆಯದು ಪಟ್ಟಿಯ ಕಾಯಿಲೆಗಳದು. ಕಣ್ಣಿನ ಪೊರೆ, ಹರ್ನಿಯ, ಮಂಡಿ ಬದಲಿಸುವ ಆಪರೇಷನ್ ಮುಂತಾದವು ಸಾಮಾನ್ಯವಾಗಿ ಈ ಪಟ್ಟಿಯಲ್ಲಿರುತ್ತವೆ. ಎಷ್ಟೋ ಪಾಲಿಸಿಗಳಲ್ಲಿ ಇದು ಎರಡು ವರ್ಷ. ಮೊನ್ನೆ ಪಾಲಿಸಿ ತೆಗೆದುಕೊಂಡು ಮುಂದಿನ ತಿಂಗಳು ಪೊರೆ ತೆಗೆಸೋಣ ಎಂದುಕೊಂಡವರು ಪ್ರತಿ ಸಭೆಯಲ್ಲೂ ಒಬ್ಬರಾದರೂ ಇರುತ್ತಾರೆ.

ಮೂರನೆಯದು ಮೊದಲೇ ಇದ್ದ ಕಾಯಿಲೆಗಳದು: ಬಿ.ಪಿ., ಸಕ್ಕರೆ, ಹೃದಯದ ತೊಂದರೆ. 2024ರ ಏಪ್ರಿಲ್‌ನಿಂದ ಈ ಅವಧಿ 36 ತಿಂಗಳು ಮೀರುವಂತಿಲ್ಲ, ಮೊದಲು 48 ತಿಂಗಳವರೆಗೆ ಇತ್ತು. ಆದರೆ ಕಾದರೆ ಸಾಲದು, ಅರ್ಜಿಯಲ್ಲಿ ಹೇಳಿಯೂ ಇರಬೇಕು. ಈ ಮಾತನ್ನು ನಿಧಾನವಾಗಿ, ಎರಡು ಸಲ ಹೇಳಿ. ಏಕೆಂದರೆ ಅರ್ಜಿ ತುಂಬುವಾಗ "ಸಕ್ಕರೆ ಬರೆಯಬೇಡಿ ಅಂಕಲ್, ಪ್ರೀಮಿಯಂ ಜಾಸ್ತಿ ಆಗುತ್ತೆ" ಎಂಬ ಸಲಹೆ ಕೇಳಿದವರು ನಿಮ್ಮ ಎದುರೇ ಕುಳಿತಿರಬಹುದು. ಆಸ್ಪತ್ರೆಗೆ ಸೇರುವಾಗ ವೈದ್ಯರು "ಎಷ್ಟು ವರ್ಷದಿಂದ ಸಕ್ಕರೆ ಇದೆ?" ಎಂದು ಕೇಳುತ್ತಾರೆ, ಇವರು ನಿಜ ಹೇಳುತ್ತಾರೆ, ಅದು ಕೇಸ್ ಷೀಟಿನಲ್ಲಿ ದಾಖಲಾಗುತ್ತದೆ. ಕ್ಲೈಮು ನಿಲ್ಲುವುದು ಆ ಒಂದು ಸಾಲಿನಿಂದ.

ಈಗಾಗಲೇ ಹಾಗೆ ಬಿಟ್ಟವರು ಏನು ಮಾಡಬೇಕು? ಸಭೆಯಲ್ಲಿ ಕೈ ಎತ್ತಿ ಎನ್ನಬೇಡಿ, ಯಾರೂ ಎತ್ತುವುದಿಲ್ಲ. ನವೀಕರಣಕ್ಕೆ ಮುಂಚೆ ಕಂಪನಿಗೆ ಲಿಖಿತವಾಗಿ ತಿಳಿಸುವುದು ದಾರಿ ಎಂದು ಹೇಳಿ ಮುಂದೆ ಹೋಗಿ. ಪ್ರೀಮಿಯಂ ಏರಬಹುದು, ಷರತ್ತು ಬದಲಾಗಬಹುದು, ಕಂಪನಿ ತಕರಾರು ತೆಗೆಯುವ ಸಾಧ್ಯತೆಯೂ ಇದೆ, ಅದನ್ನು ಮುಚ್ಚಿಡಬೇಡಿ. ಸತತ 60 ತಿಂಗಳು ಪಾಲಿಸಿ ನಡೆದಿದ್ದರೆ, ಆಮೇಲೆ ವಂಚನೆ ಎಂದು ಸಾಬೀತು ಮಾಡದೆ "ನೀವು ಹೇಳಿರಲಿಲ್ಲ" ಎಂಬ ಕಾರಣಕ್ಕೆ ಕಂಪನಿ ಕ್ಲೈಮು ತಳ್ಳಿಹಾಕುವಂತಿಲ್ಲ.

"ಸತತ" ಎಂಬ ಪದದ ಕೆಳಗೆ ಕೆಂಪು ಗೆರೆ ಎಳೆಯಿರಿ. ವರ್ಷದ ಪಾಲಿಸಿಗೆ ಕೊನೆಯ ದಿನದ ಮೇಲೆ ಮೂವತ್ತು ದಿನದ ರಿಯಾಯಿತಿ ಅವಧಿ ಇದೆ. ಅದೂ ದಾಟಿದರೆ ಮೂರೂ ಗಡಿಯಾರ ಸೊನ್ನೆಗೆ ಬರುತ್ತವೆ. ಅಮೆರಿಕದಲ್ಲಿ ಮಗಳ ಮನೆಗೆ ಆರು ತಿಂಗಳು ಹೋದಾಗ ನವೀಕರಣ ಮರೆತವರಿಗೆ ಆಗುವ ನಷ್ಟ ಇದೇ.

## ಹಂತ 5: ಆಸ್ಪತ್ರೆಯ ದಿನವನ್ನು ನಡೆದು ತೋರಿಸಿ

ಈ ಭಾಗಕ್ಕೆ ಸ್ವಯಂಸೇವಕರೊಬ್ಬರನ್ನು ಆಸ್ಪತ್ರೆಯ ವಿಮಾ ಕೌಂಟರಿನವರಂತೆ ಕೂರಿಸಿ, ನೀವು ಎದುರು ನಿಂತು ಮಾತಾಡಿ. ಸ್ವಲ್ಪ ನಾಟಕವಾದರೂ ನೆನಪಿನಲ್ಲಿ ಉಳಿಯುತ್ತದೆ.

ಮೊದಲೇ ನಿಗದಿಯಾದ ಆಪರೇಷನ್ ಆದರೆ ಎರಡು-ಮೂರು ದಿನ ಮುಂಚೆ ಕಂಪನಿಗೆ ಅಥವಾ ಟಿಪಿಎಗೆ ತಿಳಿಸಬೇಕು. ಟಿಪಿಎ ಎಂದರೆ ಕಂಪನಿಯ ಪರವಾಗಿ ಕ್ಲೈಮಿನ ಕಾಗದ ನೋಡುವವರು. ತುರ್ತಿಗೆ ಸೇರಿದರೆ ಸಾಮಾನ್ಯವಾಗಿ 24 ಗಂಟೆಯೊಳಗೆ ಹೇಳಬೇಕು, ನಿಖರ ಅವಧಿ ಅವರವರ ಪಾಲಿಸಿಯಲ್ಲಿದೆ.

ಕೌಂಟರಿನಲ್ಲಿ ಕೇಳಬೇಕಾದ ವಾಕ್ಯವನ್ನು ಎಲ್ಲರಿಂದಲೂ ಒಮ್ಮೆ ಹೇಳಿಸಿ: "ನನ್ನ ರೂಮಿನ ಮಿತಿ ಇಷ್ಟು. ಅದರೊಳಗಿನ ರೂಮು ಯಾವುದು?" ಇಂಥದ್ದು ಖಾಲಿ ಇಲ್ಲ ಎಂದರೆ, ಖಾಲಿಯಾದ ಕೂಡಲೇ ಬದಲಿಸಿ ಕೊಡುವಂತೆ ಬರೆದುಕೊಟ್ಟು ಅದರ ಪ್ರತಿ ಇಟ್ಟುಕೊಳ್ಳಲಿ. "ಇನ್ಷೂರೆನ್ಸ್ ಇದೆಯಲ್ಲ, ಒಳ್ಳೇ ರೂಮೇ ಕೊಡೋಣ" ಎಂಬ ಮಾತು ಬಂದಾಗ ಫಲಕದ ಮೇಲಿನ 44,000 ನೆನಪಾಗಬೇಕು.

ಕ್ಯಾಶ್‌ಲೆಸ್ ಒಪ್ಪಿಗೆಯ ಬಗ್ಗೆ, ಅಂದರೆ ಕಂಪನಿಯೇ ಆಸ್ಪತ್ರೆಗೆ ನೇರವಾಗಿ ದುಡ್ಡು ಕಟ್ಟುವ ಒಪ್ಪಿಗೆಯ ಬಗ್ಗೆ, 2024ರ ನಿಯಮ ಸ್ಪಷ್ಟವಾಗಿದೆ. ಆಸ್ಪತ್ರೆಯ ಕೋರಿಕೆ ತಲುಪಿದ ಒಂದು ಗಂಟೆಯೊಳಗೆ ಕಂಪನಿ ಮೊದಲ ತೀರ್ಮಾನ ಕೊಡಬೇಕು. ಬಿಡುಗಡೆಯ ವೇಳೆ ಅಂತಿಮ ಒಪ್ಪಿಗೆ ಮೂರು ಗಂಟೆಯೊಳಗೆ ಬರಬೇಕು, ತಡವಾಗಿ ಆಸ್ಪತ್ರೆ ಹೆಚ್ಚುವರಿ ಹಾಕಿದರೆ ಅದನ್ನು ಕಂಪನಿ ಭರಿಸಬೇಕು. ಗಡಿಯಾರ ಓಡುವುದು ಆಸ್ಪತ್ರೆ ಕಾಗದ ಕಳಿಸಿದ ಮೇಲೆ ಎಂಬುದನ್ನು ಬಿಡಿಸಿ ಹೇಳಿ. ತಡವಾದರೆ ಮೊದಲು ಕೇಳಬೇಕಾದದ್ದು, "ಎಷ್ಟು ಗಂಟೆಗೆ ಕಳಿಸಿದಿರಿ?"

ಮೊದಲು ಸಿಗುವ ಒಪ್ಪಿಗೆ ಪೂರ್ತಿ ಮೊತ್ತದ್ದಲ್ಲ, ಅಂತಿಮವೂ ಅಲ್ಲ. ಅದನ್ನು ನೋಡಿ ನಿರಾಳರಾದವರು ಬಿಡುಗಡೆಯ ದಿನ ದುಡ್ಡಿಗೆ ಪರದಾಡುತ್ತಾರೆ.

ಮನೆಗೆ ಹೊರಡುವ ಮುನ್ನ ಡಿಸ್ಚಾರ್ಜ್ ಸಮ್ಮರಿ ಮತ್ತು ವಿವರವಾದ ಬಿಲ್ಲು ಕೈಯಲ್ಲಿರಬೇಕು. ಸಮ್ಮರಿಯಲ್ಲಿ "ಸಕ್ಕರೆ 10 ವರ್ಷದಿಂದ" ಎಂಬ ಜಾಗದಲ್ಲಿ "20 ವರ್ಷದಿಂದ" ಎಂದು ತಪ್ಪಿ ಬಿದ್ದಿದ್ದರೆ ಅಲ್ಲೇ ತಿದ್ದಿಸಬೇಕು. ಮನೆಗೆ ಬಂದ ಮೇಲೆ ಅದೇ ತಿದ್ದುಪಡಿಗೆ ವಾರಗಟ್ಟಲೆ ಅಲೆಯಬೇಕಾದೀತು.

## ಹಂತ 6: ಪ್ರಶ್ನೆಗಳನ್ನು ನಿಭಾಯಿಸುವುದು

ಯಾವ ಕಂಪನಿ ಎಂಬ ಪ್ರಶ್ನೆಗೆ ಹೆಸರು ಹೇಳಬೇಡಿ. ನೀವು ಪರವಾನಗಿ ಇರುವ ಸಲಹೆಗಾರರಲ್ಲ. ನಾಳೆ ಯಾರದಾದರೂ ಕ್ಲೈಮು ತಿರಸ್ಕೃತವಾದರೆ ಬಾಗಿಲು ತಟ್ಟುವುದು ನಿಮ್ಮ ಮನೆಯದು. "ಎರಡು ಪಾಲಿಸಿ ತನ್ನಿ, ಈ ಬಿಲ್ಲನ್ನು ಎರಡಕ್ಕೂ ಹಾಕಿ ನೋಡೋಣ" ಎನ್ನಿ.

"ಈ ವಯಸ್ಸಿಗೆ ಯಾರು ಕೊಡುತ್ತಾರೆ?" ಎಂದೂ ಕೇಳುತ್ತಾರೆ. ಅರವತ್ತೈದು ದಾಟಿದವರಿಗೆ ಹೊಸ ಪಾಲಿಸಿಯೇ ಇಲ್ಲ ಎಂಬುದು ಈಗ ಹಳೆಯ ಮಾತು, ಎಲ್ಲ ವಯಸ್ಸಿನವರಿಗೂ ಪಾಲಿಸಿ ಇಡಬೇಕೆಂದು 2024ರ ನಿಯಮ ಹೇಳುತ್ತದೆ. ಆದರೆ ಕಾಯಿಲೆ ನೋಡಿ ಒಬ್ಬರ ಅರ್ಜಿ ನಿರಾಕರಿಸುವ ಸ್ವಾತಂತ್ರ್ಯ ಕಂಪನಿಗೆ ಉಳಿದಿದೆ. ಪ್ರೀಮಿಯಂ ಏರಿಕೆಯ ಬಗ್ಗೆ ಕೇಳಿದರೆ, ಹಿರಿಯ ನಾಗರಿಕರಿಗೆ ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸುವ ಮುನ್ನ ಐಆರ್‌ಡಿಎಐ ಜೊತೆ ಸಮಾಲೋಚಿಸಬೇಕು ಎಂಬ 2025ರ ಸೂಚನೆಯನ್ನು ಹೇಳಿ. ವೈಯಕ್ತಿಕ ಆರೋಗ್ಯ ಪಾಲಿಸಿಯ ಪ್ರೀಮಿಯಂ ಮೇಲೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ ಎಂಬುದನ್ನೂ ಸೇರಿಸಿ, ಸಭೆಗೆ ಸ್ವಲ್ಪ ಖುಷಿಯಾಗುತ್ತದೆ.

"ನಮಗೆ ಮಗನ ಕಂಪನಿಯ ವಿಮೆ ಇದೆ" ಎನ್ನುವವರನ್ನು ಸುಮ್ಮನೆ ಕೂರಲು ಬಿಡಬೇಡಿ. ಆ ವಿಮೆ ಮಗನ ಕೆಲಸಕ್ಕೆ ಅಂಟಿಕೊಂಡದ್ದು. ಅವನು ಕೆಲಸ ಬಿಟ್ಟ ದಿನ, ಅಥವಾ ಕಂಪನಿ ತಂದೆ-ತಾಯಿಯನ್ನು ಪಟ್ಟಿಯಿಂದ ತೆಗೆದ ವರ್ಷ, ಎಪ್ಪತ್ತೆರಡನೇ ವಯಸ್ಸಿಗೆ ಹೊಸದಾಗಿ ಅರ್ಜಿ ಹಾಕಬೇಕಾದೀತು. ಗುಂಪು ವಿಮೆಯಿಂದ ಸ್ವಂತ ಪಾಲಿಸಿಗೆ ಬದಲಾಗುವ ದಾರಿ ಏನೆಂದು ವಿಮಾ ಕಂಪನಿಯನ್ನು ಈಗಲೇ ಬರೆದು ಕೇಳಲಿ.

ಕ್ಲೈಮು ತಿರಸ್ಕಾರವಾದವರು ಇದ್ದರೆ ಅವರ ಕಥೆ ಸಭೆಯನ್ನು ನುಂಗಿಬಿಡುತ್ತದೆ. ಎರಡು ನಿಮಿಷ ಕೇಳಿ, ಮೆಟ್ಟಿಲುಗಳನ್ನು ಹೇಳಿ, ಉಳಿದದ್ದಕ್ಕೆ ಆಮೇಲೆ ಕೂರೋಣ ಎನ್ನಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರಹದಲ್ಲಿ ದೂರು. ಐಆರ್‌ಡಿಎಐನ ಬಿಮಾ ಭರೋಸಾ ತಾಣದಲ್ಲೂ, `bimabharosa.irdai.gov.in`, ದಾಖಲಿಸಬಹುದು, ಇಲ್ಲವೇ 155255ಕ್ಕೆ ಕರೆ ಮಾಡಬಹುದು. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಇಂಥ ದೂರುಗಳನ್ನು ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು, ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನಲ್ಲೇ ಇದೆ. ಶುಲ್ಕ ಇಲ್ಲ, ವಕೀಲರು ಬೇಡ, ಆದರೆ ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು.

## ಹಂತ 7: ಕೈಗೆ ಕೊಡುವ ಹಾಳೆ

ಹಾಳೆಯನ್ನು ಸಭೆಯ ಮೊದಲು ಹಂಚಿದರೆ ಎಲ್ಲರೂ ಅದನ್ನೇ ಓದುತ್ತಾ ಕೂರುತ್ತಾರೆ. ಕೊನೆಯಲ್ಲಿ ಕೊಡಿ. ಅದರಲ್ಲಿ ವಿವರಣೆ ಬೇಡ, ಖಾಲಿ ಜಾಗಗಳಿರಲಿ: ಪಾಲಿಸಿ ಸಂಖ್ಯೆ, ಟಿಪಿಎ ಫೋನು, ನವೀಕರಣದ ದಿನ, ನನ್ನ ರೂಮಿನ ಮಿತಿ, ಕೋ-ಪೇ, ಮೂರು ಗಡಿಯಾರ ಮುಗಿಯುವ ತಾರೀಖು, ಆಸ್ಪತ್ರೆಗೆ ಯಾರನ್ನು ಕರೆಯಬೇಕು. ಅಕ್ಷರ ದಪ್ಪಗಿರಲಿ, ರಾತ್ರಿ ಎರಡು ಗಂಟೆಗೆ ಕನ್ನಡಕ ಸಿಗದಿದ್ದಾಗಲೂ ಕಾಣಬೇಕು.

ಮುಂದಿನ ಭಾನುವಾರ ಅರ್ಧ ಗಂಟೆ ಸಂಘದ ಕಚೇರಿಯಲ್ಲಿ ಕುಳಿತಿರುತ್ತೇನೆ ಎಂದು ಹೇಳಿ ಬನ್ನಿ. ಸಭೆಯಲ್ಲಿ ಬಾಯಿ ಬಿಡದ, ಸಕ್ಕರೆ ಬರೆಯದೆ ಬಿಟ್ಟವರು ಬರುವುದು ಅವತ್ತು.